ಗಳಿಗೆ ಬಟ್ಟಲು ಮತ್ತು ಅಭ್ಯಾಸದ ಅವಧಿ

ಕಳೆದ ವರ್ಷ ದೀಪಾವಳಿಯ ಸೂಟಿ ಮುಗಿದು ಸಾಲೆ ಮತ್ತೆ ಆರಂಭವಾದ ದಿನಗಳಲ್ಲಿ, ಕುಂಭಾರಿಯ ಬೀಡಿ ಕಾರ್ಮಿಕರ ವಸತಿಯಿಂದ ತಾಯಿಯೊಬ್ಬಳು ತನ್ನ ಮಗಳನ್ನು ಕರೆದುಕೊಂಡು ನನ್ನಲ್ಲಿಗೆ ಬಂದಳು. ಮಗಳು 10ನೇ ಇಯತ್ತೆಯ ವಿದ್ಯಾರ್ಥಿನಿ. ಘಟಕ ಪರೀಕ್ಷೆಯಲ್ಲಿ ಬೀಜಗಣಿತಕ್ಕೂ ಇತಿಹಾಸಕ್ಕೂ ಅವಳಿಗೆ ತೀರ ಕಡಿಮೆ ಗುಣಗಳು ಬಂದಿದ್ದವು. ತಾಯಿ ಹೇಳಿದಳು: “ಗುರುಗಳೇ, ಹುಡುಗಿ ದಿನಾ ಮೂರು ತಾಸು ಪುಸ್ತಕದ ಮುಂದ ಕೂಡತಾಳ್ರಿ. ಎದ್ದ ಮ್ಯಾಲ ಕೇಳಿದ್ರ ಏನೂ ನೆನಪಿಲ್ಲ ಅಂತಾಳ್ರಿ. ಇಕಿಗೆ ತಲಿನೇ ಇಲ್ಲೇನ್ರಿ? ಇಲ್ಲಾಂದ್ರ ಸಾಲಿ ಬಿಡಿಸಿ ಕೆಲಸಕ್ಕ ಹಚ್ಚತೀನ್ರಿ.”

ಹುಡುಗಿಯು ತಲೆ ತಗ್ಗಿಸಿ ನಿಂತಿದ್ದಳು. ಅವಳ ವಹಿಯನ್ನು ಕೇಳಿ ತೆಗೆದುಕೊಂಡು ನೋಡಿದೆನು. ಪ್ರತಿ ದಿನದ ಅಭ್ಯಾಸದಲ್ಲಿಯೂ ಮೊದಲಿನ ಲೆಕ್ಕಗಳು ಸ್ವಚ್ಛವಾಗಿಯೂ ಸರಿಯಾಗಿಯೂ ಇದ್ದವು. ಕೊನೆಯ ಲೆಕ್ಕಗಳಲ್ಲಿ ಚಿಹ್ನೆಗಳು ತಪ್ಪಿದ್ದವು, ಅಂಕೆಗಳು ಸಾಲು ಬಿಟ್ಟು ಜಾರಿದ್ದವು. ತಲೆಯಿಲ್ಲದವಳಿಗೆ ಮೊದಲಿನ ಲೆಕ್ಕಗಳೂ ಬರುತ್ತಿರಲಿಲ್ಲ. ಕುಳಿತಿರುವ ಹೊತ್ತಿಗೂ ಗಮನ ನಿಂತಿರುವ ಹೊತ್ತಿಗೂ ತಾಳೆ ಇರಲಿಲ್ಲ, ಅಷ್ಟೆ. ಆ ತಾಳೆಯನ್ನು ಹೇಗೆ ಕಂಡುಕೊಂಡೆವೆಂಬುದನ್ನು ವಿದ್ಯಾರ್ಥಿಗಳ ಮತ್ತು ಪಾಲಕರ ಉಪಯೋಗಕ್ಕಾಗಿ ಇಲ್ಲಿ ವಿವರಿಸುವೆನು.

ಹೊತ್ತನ್ನು ತುಂಡು ಮಾಡುವ ಪದ್ಧತಿ

ಗಡಿಯಾರಗಳಿಲ್ಲದ ಕಾಲದಲ್ಲಿ ನಮ್ಮ ಹಿರಿಯರು ಗಳಿಗೆ ಬಟ್ಟಲಿನಿಂದ ಹೊತ್ತನ್ನು ಅಳೆಯುತ್ತಿದ್ದರು. ತಳದಲ್ಲಿ ಸಣ್ಣ ತೂತುಳ್ಳ ತಾಮ್ರದ ಬಟ್ಟಲನ್ನು ನೀರು ತುಂಬಿದ ದೊಡ್ಡ ಪಾತ್ರೆಯಲ್ಲಿ ತೇಲಬಿಡುತ್ತಿದ್ದರು. ತೂತಿನಿಂದ ನೀರು ಮೆಲ್ಲಮೆಲ್ಲನೆ ಏರಿ, ಬಟ್ಟಲು ತುಂಬಿ ಮುಳುಗಿದರೆ ಒಂದು ಗಳಿಗೆ ಆಯಿತು. ಹಗಲು ಇರುಳು ಕೂಡಿ 60 ಗಳಿಗೆಗಳು. ಆದುದರಿಂದ ಒಂದು ಗಳಿಗೆಯೆಂದರೆ ಇಂದಿನ ಲೆಕ್ಕದಲ್ಲಿ 24 ಮಿನಿಟು. ನಮ್ಮ ಸೊಲ್ಲಾಪುರದಲ್ಲಿ ಬಟ್ಟೆಯ ಗಿರಣಿಗಳು ನಡೆಯುತ್ತಿದ್ದ ದಿನಗಳಲ್ಲಿ ಗಿರಣಿಯ ಭೋಂಗಾ ಕೂಗಿದಾಗ ಊರೇ ಏಳುತ್ತಿತ್ತು, ಊರೇ ಉಣ್ಣುತ್ತಿತ್ತು. ಕೆಲಸಕ್ಕೂ ವಿಶ್ರಾಂತಿಗೂ ನಡುವೆ ಒಂದು ಸದ್ದನ್ನು ಇಡುವದು ನಮಗೆ ಹೊಸದಲ್ಲ.

ಅಭ್ಯಾಸಕ್ಕೆ ಈ ಸದ್ದನ್ನು ಇಟ್ಟುಕೊಂಡು ಹೆಸರಾದವನು ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ. 1980ರ ದಶಕದ ಕೊನೆಯ ವರ್ಷಗಳಲ್ಲಿ ಅವನು ಕಾಲೇಜಿನ ವಿದ್ಯಾರ್ಥಿಯಾಗಿದ್ದನು. ಓದಿನಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಟೊಮೆಟೊ ಹಣ್ಣಿನ ಆಕಾರದ ಅಡಿಗೆಮನೆಯ ಗಂಟೆಯೊಂದನ್ನು ತಿರುಗಿಸಿಟ್ಟು, ಅದು ಬಾರಿಸುವ ವರೆಗೆ ಮಾತ್ರ ನಿಜವಾಗಿ ಓದುವೆನೆಂದು ತನಗೆ ತಾನೇ ಪಂಥ ಕಟ್ಟಿದನು. ಆ ಮೊದಲ ಪಂಥ ಕೇವಲ 10 ಮಿನಿಟಿನದು. ಅನೇಕ ಪ್ರಯೋಗಗಳ ತರುವಾಯ ಅವನು 25 ಮಿನಿಟು ಓದು, 5 ಮಿನಿಟು ಬಿಡುವು, ನಾಲ್ಕು ಸಲ ಹೀಗಾದ ಮೇಲೆ ದೊಡ್ಡ ಬಿಡುವು ಎಂಬ ಕ್ರಮಕ್ಕೆ ಬಂದನು. ಇಟಲಿಯ ಭಾಷೆಯಲ್ಲಿ ಟೊಮೆಟೊ ಹಣ್ಣಿಗೆ ಪೊಮೊಡೊರೊ ಎನ್ನುವದರಿಂದ ಈ ಪದ್ಧತಿಗೂ ಅದೇ ಹೆಸರಾಯಿತು.

ಚಿರಿಲ್ಲೊನ 25 ಮಿನಿಟಿಗೂ ನಮ್ಮ ಗಳಿಗೆಯ 24 ಮಿನಿಟಿಗೂ ಇರುವ ಸಾಮ್ಯವು ಕೇವಲ ಆಕಸ್ಮಿಕ. ಗಳಿಗೆಯು ದಿನವನ್ನು ಭಾಗಿಸಲು ಹುಟ್ಟಿದುದು. ಮನಸ್ಸನ್ನು ಅಳೆಯಲು ಅಲ್ಲ. ಆದುದರಿಂದ ಎಲ್ಲರಿಗೂ 25 ಮಿನಿಟೇ ಸರಿಯೆಂದು ತಿಳಿಯಬಾರದು. ಚಿರಿಲ್ಲೊ ತನ್ನ ಅಳತೆಯನ್ನು ತಾನೇ ಹುಡುಕಿಕೊಂಡಂತೆ ನಮ್ಮ ಅಳತೆಯನ್ನು ನಾವೇ ಹುಡುಕಿಕೊಳ್ಳಬೇಕು.

ಗಮನವು ಕುಂದುವದೆಂಬುದಕ್ಕೆ ಆಧಾರ

ನಾರ್ಮನ್ ಮ್ಯಾಕ್‌ವರ್ತ್ ಎಂಬ ಬ್ರಿಟನ್ನಿನ ಮನಃಶಾಸ್ತ್ರಜ್ಞನು ಒಂದು ಪ್ರಯೋಗ ಮಾಡಿ 1948ರಲ್ಲಿ ಪ್ರಕಟಿಸಿದನು. ಯುದ್ಧಕಾಲದಲ್ಲಿ ರಾಡಾರ್ ಪರದೆಯನ್ನು ನೋಡುತ್ತ ಕುಳಿತವರು ಬರಬರುತ್ತ ಗುರುತುಗಳನ್ನು ತಪ್ಪಿಸುವದೇಕೆಂಬುದು ಅವನ ಪ್ರಶ್ನೆ. ಅವನು ಗಡಿಯಾರದಂಥ ಬಿಳಿಯ ಫಲಕದಲ್ಲಿ ಒಂದು ಮುಳ್ಳನ್ನು ಇಟ್ಟನು. ಅದು ಸೆಕೆಂಡಿಗೊಮ್ಮೆ ಒಂದು ಹೆಜ್ಜೆ ಮುಂದೆ ಹೋಗುವದು. ಯಾವಾಗಲೋ ಒಮ್ಮೆ ಎರಡು ಹೆಜ್ಜೆ ಹಾರುವದು. ಎರಡು ಹೆಜ್ಜೆ ಹಾರಿದಾಗ ಗುಂಡಿಯನ್ನು ಒತ್ತಬೇಕು. ಇಷ್ಟೇ ಕೆಲಸ, ಆದರೆ ಎರಡು ತಾಸು ಸತತವಾಗಿ. ಮೊದಲ ಅರ್ಧ ತಾಸು ಮುಗಿಯುವಷ್ಟರಲ್ಲಿಯೇ ಜನರು ಹಾರಿಕೆಗಳನ್ನು ಹೆಚ್ಚಾಗಿ ತಪ್ಪಿಸತೊಡಗಿದರು. ಕಣ್ಣು ತೆರೆದೇ ಇತ್ತು. ಗಮನ ಮಾತ್ರ ಜಾರಿತ್ತು.

ಇದಕ್ಕಿಂತ ಬಹಳ ಮೊದಲೇ ಜರ್ಮನಿಯ ವೈದ್ಯ ಎಮಿಲ್ ಕ್ರೇಪೆಲಿನ್ ಇನ್ನೂ ಸರಳವಾದ ಉಪಾಯವನ್ನು ಹೂಡಿದ್ದನು. ಜನರಿಗೆ ಒಂಟಿ ಅಂಕೆಗಳನ್ನು ಕೂಡಿಸುತ್ತ ಹೋಗಲು ಹೇಳಿ, ಗೊತ್ತಾದ ಹೊತ್ತಿಗೊಮ್ಮೆ ಸೂಚನೆ ಕೊಟ್ಟಾಗ ಗೆರೆ ಎಳೆಯಿಸುತ್ತಿದ್ದನು. ಎರಡು ಗೆರೆಗಳ ನಡುವೆ ಎಷ್ಟು ಕೂಡಿಕೆಗಳಾದವೆಂದು ಎಣಿಸಿದರೆ ಆ ಹೊತ್ತಿನ ದುಡಿಮೆ ತಿಳಿಯುವದು. ಅವನು ಕಂಡ ಎರಡು ಸಂಗತಿಗಳು ನಮಗೆ ಬೇಕಾದವು. ಮೊದಲನೆಯದು, ಕೆಲಸದ ಆರಂಭದಲ್ಲಿಯೇ ಮನಸ್ಸು ಪೂರ್ಣ ವೇಗಕ್ಕೆ ಬರುವದಿಲ್ಲ; ಎತ್ತು ಗಾಡಿಯನ್ನು ಎಳೆಯತೊಡಗಿದಾಗಿನಂತೆ ಮೊದಲು ಸ್ವಲ್ಪ ನಿಧಾನ. ಎರಡನೆಯದು, ದಣಿವು ಒಳಗೊಳಗೇ ಬೆಳೆಯುತ್ತಿರುವದು. ಬಿಡುವು ಅದನ್ನು ಇಳಿಸುವದು. ಆದರೆ ಬಿಡುವು ತೀರ ದೀರ್ಘವಾದರೆ ಬಂದ ವೇಗವೂ ಇಳಿದುಹೋಗುವದು. ಐದು ಮಿನಿಟಿನ ಬಿಡುವು ಹಿತವಾಗಿಯೂ ಅರ್ಧ ತಾಸಿನ ಬಿಡುವು ಹಾನಿಯಾಗಿಯೂ ಪರಿಣಮಿಸಲು ಇದೇ ಕಾರಣ.

ಹುಡುಗಿಯ ಅಳತೆ

ಕ್ರೇಪೆಲಿನ್ನನ ಗೆರೆಯನ್ನೇ ನಾವು ಉಪಯೋಗಿಸಿದೆವು. ವರ್ಗಸಮೀಕರಣದ ಒಂದೇ ಬಗೆಯ ಲೆಕ್ಕಗಳನ್ನು ಆರಿಸಿಕೊಟ್ಟೆನು. ಏಕೆಂದರೆ ಲೆಕ್ಕಗಳು ಒಂದು ಸುಲಭ ಒಂದು ಕಠಿಣವಾದರೆ ಎಣಿಕೆಗೆ ಅರ್ಥವಿರುವದಿಲ್ಲ. ಹುಡುಗಿಯು ಸಂಜೆ 7 ಗಂಟೆ 10 ಮಿನಿಟಿಗೆ ಕುಳಿತು 8ರ ವರೆಗೆ, ಅಂದರೆ 50 ಮಿನಿಟು, ಏಳದೆ ಬಿಡಿಸಬೇಕು. ಅವಳ ಅಣ್ಣನು ಗೋಡೆಯ ಗಡಿಯಾರವನ್ನು ನೋಡಿ ಪ್ರತಿ 10 ಮಿನಿಟಿಗೊಮ್ಮೆ, ಮಾತಾಡದೆ, ವಹಿಯ ಅಂಚಿನಲ್ಲಿ ಒಂದು ಗೆರೆ ಎಳೆಯಬೇಕು.

ಮರುದಿನ ವಹಿಯನ್ನು ನೋಡಿದಾಗ ಐದು ಹತ್ತುಗಳಲ್ಲಿ ಕ್ರಮವಾಗಿ 3, 5, 4, 2, 1 ಲೆಕ್ಕಗಳಾಗಿದ್ದವು. ಮೊದಲ 30 ಮಿನಿಟಿನಲ್ಲಿ 12 ಲೆಕ್ಕಗಳು, ಅವುಗಳಲ್ಲಿ 1 ತಪ್ಪು. ಉಳಿದ 20 ಮಿನಿಟಿನಲ್ಲಿ 3 ಲೆಕ್ಕಗಳು, ಅವುಗಳಲ್ಲಿ 2 ತಪ್ಪು. ಮೊದಲ ಹತ್ತರಲ್ಲಿ ಮೂರೇ ಆದುದು ದಣಿವಲ್ಲ, ಅದು ಆರಂಭದ ನಿಧಾನ. ಮೂವತ್ತರ ನಂತರದ ಇಳಿತವೇ ನಿಜವಾದ ದಣಿವು.

ಎರಡನೆಯ ಸಂಜೆ ಅವಧಿಯನ್ನು 25 ಮಿನಿಟಿಗೆ ಇಳಿಸಿದೆವು. ಗಮನವು 30ಕ್ಕೆ ಕುಂದುವದಾದರೆ 25 ಏಕೆ? ಗಂಟೆಯು ಗಮನ ಕುಂದುವ ಮೊದಲೇ ಬಾರಿಸಬೇಕು. ಕುಂದಿದ ಮೇಲೆ ಬಾರಿಸಿದರೆ ಕೊನೆಯ ಲೆಕ್ಕವು ತಪ್ಪಾಗಿಯೇ ಮುಗಿದಿರುವದು; ಬೇಸರವೇ ಮನಸ್ಸಿನಲ್ಲಿ ಉಳಿದು, ಬಿಡುವಿನಿಂದ ಮರಳಿ ಬರುವ ಇಚ್ಛೆ ಹುಟ್ಟುವದಿಲ್ಲ. ಆ ಸಂಜೆ 25 ಮಿನಿಟಿನಲ್ಲಿ 10, ಐದು ಮಿನಿಟು ಬಿಡುವಾದ ಮೇಲೆ ಮತ್ತೆ 25 ಮಿನಿಟಿನಲ್ಲಿ 9, ಒಟ್ಟು 19 ಲೆಕ್ಕಗಳಾದವು, ತಪ್ಪು 2. ಹಿಂದಿನ ದಿನ 50 ಮಿನಿಟಿಗೆ ಸರಿಯಾದವು 12. ಈ ದಿನ ಬಿಡುವನ್ನೂ ಹಿಡಿದು 55 ಮಿನಿಟಿಗೆ ಸರಿಯಾದವು 17.

ಇದು ಎರಡನೆಯ ದಿನದ ರೂಢಿಯ ಫಲವಿರಬಹುದಲ್ಲವೆ ಎಂಬ ಸಂದೇಹ ನನಗೂ ಬಂದಿತು. ಆದುದರಿಂದ ಮೂರನೆಯ ದಿನ ಪುನಃ 50 ಮಿನಿಟು ಸತತವಾಗಿ ಕೂಡಿಸಿದೆವು. ಆಗ 16 ಲೆಕ್ಕಗಳಾದವು, ಸರಿಯಾದವು 12. ಇಳಿತವು ಅದೇ ಸ್ಥಳದಲ್ಲಿ ಬಂದಿತ್ತು. ಹುಡುಗಿಯು ವಹಿಯನ್ನು ನೋಡುತ್ತ, “ಗುರುಗಳೇ, ಹಂಗಾದ್ರ ನಂಗ ಲೆಕ್ಕ ಬರತಾವಲ್ರಿ” ಎಂದಳು.

ಅವಧಿಯನ್ನು ಏರಿಸುವ, ಇಳಿಸುವ ನಿಯಮ

ಪ್ರತಿದಿನವೂ ಗೆರೆ ಎಳೆಯಲು ಅಣ್ಣನು ಸಿಕ್ಕುವದಿಲ್ಲ. ಆದುದರಿಂದ ಪ್ರತಿಯೊಂದು ಲೆಕ್ಕ ಮುಗಿದಾಗ ಅದರ ಎದುರಿಗೆ ಗಡಿಯಾರದ ಹೊತ್ತನ್ನು ಬರೆಯುವ ರೂಢಿಯನ್ನು ಹಾಕಿಕೊಟ್ಟೆನು. ಅವಧಿ ಮುಗಿದ ಮೇಲೆ ಮೊದಲರ್ಧದಲ್ಲಿ ಎಷ್ಟು, ಎರಡನೆಯ ಅರ್ಧದಲ್ಲಿ ಎಷ್ಟು ಎಂದು ನೋಡಬೇಕು. ಎರಡನೆಯ ಅರ್ಧದ ಕೆಲಸವು ಮೊದಲರ್ಧದ ಮುಕ್ಕಾಲು ಭಾಗಕ್ಕಿಂತ ಕಡಿಮೆಯಾದರೆ ಅದನ್ನು ಇಳಿತವೆನ್ನೋಣ.

ಒಂದೇ ಅವಧಿಯಲ್ಲಿ ಇಳಿತ ಕಂಡರೆ ಏನನ್ನೂ ಬದಲಿಸಬಾರದು. ಬಿಡುವು ತೆಗೆದುಕೊಂಡು ಅದೇ ಅಳತೆಯಲ್ಲಿ ಮುಂದುವರಿಯಬೇಕು. ಸಾಲಾಗಿ ಎರಡು ಅವಧಿಗಳಲ್ಲಿ ಇಳಿತ ಕಂಡರೆ ಮುಂದಿನ ಅವಧಿಯನ್ನು 5 ಮಿನಿಟು ಕಡಿಮೆ ಮಾಡಬೇಕು. ಸಾಲಾಗಿ ಮೂರು ಅವಧಿಗಳು ಇಳಿತವಿಲ್ಲದೆ ಸಾಗಿದರೆ 5 ಮಿನಿಟು ಹೆಚ್ಚಿಸಬೇಕು. ಇಳಿಸಲು ಎರಡು, ಏರಿಸಲು ಮೂರು ಏಕೆಂದರೆ, ದಣಿದ ಮೇಲೆ ಮಾಡಿದ ತಪ್ಪು ಅಭ್ಯಾಸವನ್ನು ತಿದ್ದಲು ಹೆಚ್ಚು ಹೊತ್ತು ಬೇಕಾಗುವದು. 15 ಮಿನಿಟಿಗಿಂತ ಕೆಳಗೆ ಇಳಿಯಬಾರದು. ಆರಂಭದ ನಿಧಾನವೇ ಅದರಲ್ಲಿ ದೊಡ್ಡ ಪಾಲನ್ನು ತಿನ್ನುವದು. ಹದಿನೈದರಲ್ಲಿಯೂ ಇಳಿತ ಕಂಡರೆ ದೋಷವು ಅವಧಿಯಲ್ಲಿಲ್ಲ. ನಿದ್ರೆ, ಹಸಿವು, ಬೆಳಕು, ಇಲ್ಲವೆ ಪಾಠವೇ ಅರ್ಥವಾಗದಿರುವದು, ಇವುಗಳಲ್ಲಿ ಯಾವುದೋ ಒಂದರಲ್ಲಿದೆ.

ಇದನ್ನು ಗುರುತಿಸಲು ಒಂದು ಸುಲಭ ಪರೀಕ್ಷೆಯುಂಟು. ಇಳಿತ ಕಂಡಾಗ ಬಿಡುವಿನ ತರುವಾಯ ವಿಷಯವನ್ನು ಬದಲಿಸಿ ನೋಡಬೇಕು. ಹೊಸ ವಿಷಯದಲ್ಲಿ ವೇಗ ಮರಳಿದರೆ ಮೊದಲಿನ ವಿಷಯವೇ ತೊಡಕಾಗಿತ್ತು. ಅದನ್ನು ಶಿಕ್ಷಕರಲ್ಲಿ ಕೇಳಿ ತಿಳಿಯಬೇಕು, ಗಂಟೆಯಿಂದ ಅದು ಬಗೆಹರಿಯುವದಿಲ್ಲ. ಯಾವ ವಿಷಯದಲ್ಲಿಯೂ ವೇಗ ಬಾರದಿದ್ದರೆ ಅದು ಶರೀರದ ದಣಿವು.

ಎರಡನೆಯ ವಾರದ ಗುರುವಾರ ಹುಡುಗಿಯ ವಹಿಯಲ್ಲಿ ಹೀಗೆಯೇ ಆಯಿತು. 25 ಮಿನಿಟಿನ ಮೊದಲ ಅವಧಿಯ ಎರಡು ಅರ್ಧಗಳಲ್ಲಿ 5 ಮತ್ತು 2. ಎರಡನೆಯ ಅವಧಿಯಲ್ಲಿ 4 ಮತ್ತು 2. ನಿಯಮದಂತೆ ಮೂರನೆಯದನ್ನು 20 ಮಿನಿಟಿಗೆ ಇಳಿಸಿದಳು. ಅದರಲ್ಲಿ 4 ಮತ್ತು 4 ಆದವು. ವಿಚಾರಿಸಿದಾಗ ಹಿಂದಿನ ರಾತ್ರಿ ಬಂಧುಗಳ ಮದುವೆಯ ಮನೆಯಲ್ಲಿ ಒಂದು ಗಂಟೆಯ ವರೆಗೆ ಎಚ್ಚರವಿದ್ದುದು ತಿಳಿಯಿತು. ಕಾರಣವು ಸ್ಪಷ್ಟವಾಗಿದ್ದುದರಿಂದ ಮರುದಿನ ಮತ್ತೆ 25ಕ್ಕೆ ಬಂದೆವು. ಮೂರನೆಯ ವಾರದಲ್ಲಿ ಅವಧಿಯು 30ಕ್ಕೆ ಏರಿತು, ಆಮೇಲೆ 35ಕ್ಕೆ. ಮೂವತ್ತೈದರಲ್ಲಿ ಒಮ್ಮೆ 7 ಮತ್ತು 4, ಇನ್ನೊಮ್ಮೆ 7 ಮತ್ತು 5 ಬಂದುದರಿಂದ ತಿರುಗಿ 30ಕ್ಕೆ ಇಳಿಸಿದೆವು. ಬೀಜಗಣಿತಕ್ಕೆ ಅವಳ ಅಳತೆ 30 ಮಿನಿಟೆಂದು ಗೊತ್ತಾಯಿತು.

ಇತಿಹಾಸದ ಅಳತೆ ಬೇರೆಯೇ ಆಗಿತ್ತು. ಓದುವದನ್ನು ಪುಟಗಳಿಂದ ಎಣಿಸಬಾರದು. ಕಣ್ಣು ಪುಟಗಳನ್ನು ದಾಟುವದು, ಮನಸ್ಸು ಹಿಂದೆಯೇ ಉಳಿಯುವದು. ಆದುದರಿಂದ ಅವಧಿ ಮುಗಿದೊಡನೆ ಪುಸ್ತಕವನ್ನು ಮುಚ್ಚಿ, ನೆನಪಾದ ಸಂಗತಿಗಳನ್ನು ಬರೆಯಹೇಳಿದೆನು. 40 ಮಿನಿಟು ಓದಿದ ದಿನ ಅವಳು ಬರೆದ ಸಂಗತಿಗಳೆಲ್ಲವೂ ಮೊದಲ ಎರಡು ಪುಟಗಳವೇ. ಅವಧಿಯನ್ನು 20ಕ್ಕೆ ತಂದಾಗ ಓದಿದ ಭಾಗದ ಆದಿ ಅಂತ್ಯಗಳೆರಡರಿಂದಲೂ ಸಂಗತಿಗಳು ಬಂದವು. ಬರೆಯುವ ಕೆಲಸದಲ್ಲಿ ಕೈಯೇ ಮನಸ್ಸನ್ನು ಹಿಡಿದಿಡುವದು. ಬರಿಯ ಓದಿನಲ್ಲಿ ಆ ಆಸರೆ ಇಲ್ಲ.

ಬಿಡುವಿನ ಗಂಟೆ

ಗಂಟೆ ಬಾರಿಸಿದಾಗ ಲೆಕ್ಕದ ನಡುವೆ ಇದ್ದರೆ ಏನು ಮಾಡಬೇಕೆಂದು ಮಕ್ಕಳು ಕೇಳುವರು. ಕೈಯಲ್ಲಿರುವ ಮೆಟ್ಟಿಲನ್ನು ಮುಗಿಸಿ, ಮುಂದೆ ಮಾಡಬೇಕಾದುದನ್ನು ಒಂದೇ ಸಾಲಿನಲ್ಲಿ ಬರೆದಿಟ್ಟು ಏಳಬೇಕು, ಉದಾಹರಣೆಗೆ, “7ನೆಯ ಲೆಕ್ಕ, ಇನ್ನು ಅವಯವಗಳನ್ನು ಬಿಡಿಸಬೇಕು.” ಮರಳಿ ಬಂದಾಗ ಈ ಸಾಲು ನಮ್ಮನ್ನು ಕೆಲಸದ ಬಾಗಿಲಿಗೇ ತಂದು ನಿಲ್ಲಿಸುವದು. ಇದಕ್ಕೆ ಎರಡು ಮಿನಿಟಿಗಿಂತ ಹೆಚ್ಚು ತಡೆಯಬಾರದು.

ಬಿಡುವಿನಲ್ಲಿ ಎದ್ದು ನಿಲ್ಲುವದು, ನೀರು ಕುಡಿಯುವದು, ಬಾಗಿಲಿಗೆ ಹೋಗಿ ದೂರದ ಮರವನ್ನೋ ಬಯಲನ್ನೋ ನೋಡುವದು, ಇಷ್ಟು ಸಾಕು. ಬಿಡುವಿಗೂ ಒಂದು ಗಂಟೆ ಇಡಲೇಬೇಕು. ನಮ್ಮ ಹುಡುಗಿಯು ಮೊದಲ ವಾರದಲ್ಲಿ ಇದನ್ನು ಬಿಟ್ಟಿದ್ದಳು. ಐದು ಮಿನಿಟಿನ ಬಿಡುವು ಒಂದು ದಿನ 25 ಮಿನಿಟಾಗಿ, ಮುಂದಿನ ಅವಧಿಯು ಹೊಸದಾಗಿ ಆರಂಭಿಸಿದಷ್ಟೇ ನಿಧಾನವಾಗಿತ್ತು. ಅಂದು ಅವಳ ಕೈಯಲ್ಲಿದ್ದುದು ಮೊಬೈಲು.

ಮೊಬೈಲಿನಲ್ಲಿ ಗಂಟೆ ಇಡುವದು ಸುಲಭ. ಆದರೆ ಗಂಟೆಯನ್ನು ನಿಲ್ಲಿಸಲು ಕೈ ಚಾಚಿದಾಗಲೇ ಸಂದೇಶಗಳು ಕಣ್ಣಿಗೆ ಬೀಳುವವು. ಬೇರೆ ಸಾಧನವಿಲ್ಲದಿದ್ದರೆ ಇಂಟರ್‌ನೆಟ್ಟನ್ನು ಬಂದು ಮಾಡಿ, ಮೊಬೈಲನ್ನು ಎದ್ದು ಹೋಗಿಯೇ ಮುಟ್ಟಬೇಕಾದಷ್ಟು ದೂರದಲ್ಲಿ ಬೋರಲಾಗಿ ಇಡಬೇಕು. ಬಾರಿಸುವ ಗಡಿಯಾರವಿದ್ದರೆ ಅದು ಉತ್ತಮ.

ಆಸಕ್ತಿಯುಳ್ಳ ಮಕ್ಕಳು ಗಳಿಗೆ ಬಟ್ಟಲನ್ನೇ ಮಾಡಿನೋಡಬಹುದು. ತೆಳುವಾದ ಸಣ್ಣ ಲೋಹದ ಬಟ್ಟಲಿನ ತಳದ ನಡುವೆ ಅತಿ ಸಣ್ಣ ಮೊಳೆಯಿಂದ ಹಿರಿಯರ ಕೈಯಿಂದ ತೂತು ಮಾಡಿಸಿ, ಸೋಸಿದ ನೀರಿನ ಮೇಲೆ ತೇಲಬಿಟ್ಟು, ಮುಳುಗಲು ಎಷ್ಟು ಹೊತ್ತಾಗುವದೆಂದು ಗಡಿಯಾರದಿಂದ ನೋಡಬೇಕು. ಬೇಗ ಮುಳುಗಿದರೆ ತೂತನ್ನು ಮೇಣದಿಂದ ತುಂಬಿ ಸೂಜಿಯಿಂದ ಸಣ್ಣದಾಗಿ ತೆರೆಯಬೇಕು. ತಡವಾದರೆ ತುಸು ಅಗಲಿಸಬೇಕು. ನೀರಿನಲ್ಲಿ ಕಸವಿದ್ದರೆ ತೂತು ಕಟ್ಟಿ ಹೊತ್ತು ತಪ್ಪುವದು. ಇದು ಬಾರಿಸುವದಿಲ್ಲ, ಮುಳುಗಿ ತಳಕ್ಕೆ ತಗಲುವ ಸದ್ದು ಮಾತ್ರ ಕೇಳುವದು. ಆದುದರಿಂದ ಗದ್ದಲದ ಮನೆಗೆ ಇದು ತಕ್ಕುದಲ್ಲ.

ಪಾಲಕರಿಗೆ ಎರಡು ಮಾತು

ಒಂದೇ ಕೋಣೆಯಲ್ಲಿ ಅಡಿಗೆಯೂ ಬೀಡಿ ಕಟ್ಟುವ ಕೆಲಸವೂ ಅಭ್ಯಾಸವೂ ನಡೆಯಬೇಕಾದ ಮನೆಗಳು ನಮ್ಮಲ್ಲಿ ಅನೇಕವಿವೆ. ನಲ್ಲಿಗೆ ನೀರು ಬಂದರೆ ಎಲ್ಲರೂ ಏಳಲೇಬೇಕು. ಅವಧಿಯ ನಡುವೆ ಹಾಗೆ ಎದ್ದರೆ ಆ ಅವಧಿಯನ್ನು ಎಣಿಕೆಗೆ ಹಿಡಿಯಬಾರದು. ಎದ್ದ ಹೊತ್ತನ್ನು ಬರೆದಿಟ್ಟು, ಮರಳಿ ಬಂದು ಹೊಸದಾಗಿ ಆರಂಭಿಸಬೇಕು. ಇಲ್ಲವಾದರೆ ನೀರಿನ ತಪ್ಪನ್ನು ಮಗುವಿನ ಗಮನದ ಮೇಲೆ ಹೊರಿಸಿದಂತಾಗುವದು. ಅಂಗಡಿಗೆ ಹೋಗುವಂಥ ಕೆಲಸವನ್ನು ಐದು ಮಿನಿಟಿನ ಬಿಡುವಿನಲ್ಲಿ ಹೇಳದೆ, ಮೂರು ನಾಲ್ಕು ಅವಧಿಗಳ ನಂತರದ ದೊಡ್ಡ ಬಿಡುವಿಗೆ ಉಳಿಸಬೇಕು. ಬಿಡುವಿನಲ್ಲಿ ಬಾಗಿಲಲ್ಲಿ ನಿಂತ ಮಗುವಿಗೆ “ಓದು ಬಿಟ್ಟು ನಿಂತಿಯಲ್ಲ” ಎನ್ನಬಾರದು; ಅದು ಓದಿನ ಒಂದು ಭಾಗವೇ.

ಈ ಪದ್ಧತಿಗೆ ಒಂದು ಮಿತಿಯುಂಟು. ಮಹಾರಾಷ್ಟ್ರದ 10ನೇ ಇಯತ್ತೆಯ ಮಂಡಳಿಯ ಪರೀಕ್ಷೆಯಲ್ಲಿ ಗಣಿತದ ಪ್ರತಿಯೊಂದು ಭಾಗದ ಪತ್ರಿಕೆಗೂ ಎರಡು ತಾಸು ಕೂಡಬೇಕು. ಅಲ್ಲಿ ನಮ್ಮ ಬಿಡುವಿನ ಗಂಟೆ ಬಾರಿಸುವದಿಲ್ಲ. ಆದುದರಿಂದ ಪರೀಕ್ಷೆಗೆ ಎರಡು ತಿಂಗಳಿರುವಾಗಿನಿಂದ ವಾರಕ್ಕೊಮ್ಮೆ ಹಳೆಯ ಪ್ರಶ್ನಪತ್ರಿಕೆಯೊಂದನ್ನು ಗಂಟೆಯಿಲ್ಲದೆ ಎರಡು ತಾಸು ಬಿಡಿಸಬೇಕು. ತನ್ನ ಗಮನ ಎಲ್ಲಿ ಇಳಿಯುವದೆಂದು ಬಲ್ಲ ವಿದ್ಯಾರ್ಥಿಯು ಆ ಸ್ಥಳ ಬಂದಾಗ ಲೇಖನಿಯನ್ನು ಕೆಳಗಿಟ್ಟು, ಅರ್ಧ ಮಿನಿಟು ಕಣ್ಣು ಮುಚ್ಚಿ, ಹಿಂದಿನ ಲೆಕ್ಕದ ಚಿಹ್ನೆಗಳನ್ನು ಒಮ್ಮೆ ನೋಡಿಕೊಂಡು ಮುಂದೆ ಹೋಗಬಹುದು. ನಮ್ಮ ಹುಡುಗಿಯು ಪ್ರತಿ ಪತ್ರಿಕೆಯಲ್ಲಿಯೂ ಅರ್ಧ ತಾಸಿಗೊಮ್ಮೆ ಹೀಗೆ ಮಾಡುವ ರೂಢಿ ಇಟ್ಟುಕೊಂಡಳು.

ಪರೀಕ್ಷೆಯಲ್ಲಿ ಅವಳು ಬೀಜಗಣಿತದಲ್ಲಿಯೂ ಇತಿಹಾಸದಲ್ಲಿಯೂ ಉತ್ತೀರ್ಣಳಾದಳು. ಗುಣಗಳು ಮೊದಲನೆಯ ಸಾಲಿನವಲ್ಲ, ಆದರೆ ಮುಂದಿನ ಓದಿಗೆ ಸಾಕಾದವು. ಫಲಿತಾಂಶದ ಮರುದಿನ ತಾಯಿ ಬಂದಾಗ ಸಾಲೆ ಬಿಡಿಸುವ ಮಾತನ್ನು ಎತ್ತಲಿಲ್ಲ. “ಗುರುಗಳೇ, ಈಗ ಸಣ್ಣ ಮಗನ ವಹಿಯಾಗೂ ಗೆರಿ ಎಳೀಲಿಕ್ಕೆ ಹಚ್ಚ್ಯಾಳ್ರಿ” ಎಂದಳು. ಆ ಹುಡುಗ 6ನೇ ಇಯತ್ತೆಯವನು. ಅವನ ಅಳತೆ ಸದ್ಯಕ್ಕೆ 15 ಮಿನಿಟು.